ಅತ್ತೆಗೆ ಬರೆದ ಸಂಘದ ಕಾಗದ

ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯಾಗಿ ನಾನು ಬರೆದ ಕಾಗದಗಳೆಲ್ಲ ಹೆಚ್ಚುಕಡಿಮೆ ಕಲ್ಯಾಣಮಂಟಪದವರಿಗೆ, ಮೈಕಿನವರಿಗೆ, ಕುರ್ಚಿ ಬಾಡಿಗೆಗೆ ಕೊಡುವವರಿಗೆ. ನಿಮ್ಮ ಸದಸ್ಯತ್ವ ಹೋಗುತ್ತದೆ ಎಂದು ಎಚ್ಚರಿಸಿ ಬರೆದ ಕಾಗದ ಒಂದೇ ಒಂದು. ಅದನ್ನು ನನ್ನ ಅತ್ತೆಗೆ ಬರೆದೆ.

ಅತ್ತೆ ಬಳ್ಳಾರಿಯವರು. ತೆಲುಗು ಮನೆತನಕ್ಕೆ ಸೊಸೆಯಾಗಿ ವಿಶಾಖಪಟ್ಟಣಕ್ಕೆ ಬಂದು, ಬಂದರು ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ, ಸಿಬ್ಬಂದಿ ವಿಭಾಗದ ಮೇಲ್ವಿಚಾರಕಿಯಾಗಿ ನಿವೃತ್ತರಾದವರು. ರಜೆ ಹಾಕದೆ ನಾಪತ್ತೆಯಾದವರಿಗೆ ಮೆಮೊ ಬರೆಯುವುದು ಅವರ ಇಡೀ ಜೀವಮಾನದ ಕೆಲಸವಾಗಿತ್ತು. ಮಾವನವರು ತೀರಿಕೊಂಡ ಮೇಲೆ, ಮನೆಯಲ್ಲಿ ಕನ್ನಡ ಉಳಿಯಬೇಕೆಂದು ಹಟ ಹಿಡಿದು ತುಮಕೂರಿನಿಂದ ನನ್ನನ್ನು ಸೊಸೆ ಮಾಡಿಕೊಂಡು ಬಂದರು. ಬಂದ ನನ್ನನ್ನು ಮೊದಲ ದಿನದಿಂದ ಕರೆದದ್ದು ಮಾತ್ರ ತೆಲುಗಿನಲ್ಲಿ, 'ಅಮ್ಮಾಯಿ' ಎಂದು. ನನ್ನ ಯಜಮಾನರಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಬೇಸರ. ಹೀಗಾಗಿ ಆ ಮನೆಯಲ್ಲಿ ಕನ್ನಡ ಅತ್ತೆ ಸೊಸೆಯರ ಭಾಷೆಯಾಗಿ ಉಳಿಯಿತು. ಅಂದರೆ, ಹೆಚ್ಚಾಗಿ ಉಪ್ಪು ಹೆಚ್ಚಾಯಿತು ಎನ್ನುವುದಕ್ಕೆ.

ನನ್ನನ್ನು ಸಂಘಕ್ಕೆ ಸೇರಿಸಿದವರೂ ಅವರೇ. ಹಳೆಯ ಕಾರ್ಯದರ್ಶಿ ವರ್ಗವಾಗಿ ಹೋದಾಗ ಆ ಕುರ್ಚಿಗೆ ನನ್ನ ಹೆಸರು ಸೂಚಿಸಿದವರೂ ಅವರೇ. ಸಮಿತಿಯಲ್ಲಿ ಏಳು ಜನ. ಅವರಲ್ಲಿ ಇಬ್ಬರು ಹೆಂಗಸರಿರಬೇಕೆಂದು ನಿಯಮಾವಳಿ ಹೇಳುತ್ತಿತ್ತು. ಆ ಇಬ್ಬರು ನಾವೇ. ಕಾರ್ಯದರ್ಶಿಯ ಮನೆಯೇ ಸಂಘದ ಕಚೇರಿ ಎಂಬ ಇನ್ನೊಂದು ನಿಯಮವೂ ಇದ್ದುದರಿಂದ ಸಂಘದ ಬೀರು, ಬ್ಯಾನರುಗಳು, ಭುವನೇಶ್ವರಿಯ ಪಟ ಎಲ್ಲವೂ ನಮ್ಮ ಮನೆಯ ಹಜಾರಕ್ಕೆ ಬಂದವು. ತಿಂಗಳಿಗೊಮ್ಮೆ ಭಾನುವಾರ ಸಂಜೆ ಸಭೆಯೂ ಅಲ್ಲೇ.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅತ್ತೆ ವಿಜಯವಾಡಕ್ಕೆ ಹೊರಟರು. ಭವಾನಿಪುರದಲ್ಲಿ ನನ್ನ ನಾದಿನಿಯ ಮನೆ. ಅವಳ ಗಂಡನಿಗೆ ಆಟೋನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡು.

"ಒಂದ್ ಹದಿನೈದು ದಿನ ಇದ್ದು ಬರ್ತೀನಿ ಅಮ್ಮಾಯಿ" ಎಂದು ಒಗ್ಗರಣೆ ಹಾಕುತ್ತಿದ್ದ ನನಗೆ ಹೇಳಿ, ತಮ್ಮ ಪೆನ್ನು, ಕನ್ನಡಕ, ಮಾತ್ರೆ ಡಬ್ಬಿ ತೆಗೆದುಕೊಂಡು ಹೋದರು. ಹದಿನೈದು ದಿನ ತಿಂಗಳಾಯಿತು. ತಿಂಗಳು ಮೂರಾಯಿತು. ಫೋನಿನಲ್ಲಿ ಕೇಳಿದರೆ, "ಇಲ್ಲಿ ಸ್ವಲ್ಪ ಕೆಲಸ ಐತೆ" ಅನ್ನುತ್ತಿದ್ದರು. ನಿವೃತ್ತರಾದ, ಮಂಡಿನೋವಿನ ಹೆಂಗಸಿಗೆ ಮಗಳ ಮನೆಯಲ್ಲಿ ಏನು ಕೆಲಸ ಎಂದು ನಾನು ಕೇಳಲಿಲ್ಲ. ಮೊಮ್ಮಕ್ಕಳಿದ್ದಾರೆ, ಇರಲಿ ಎಂದುಕೊಂಡೆ.

ತೊಂದರೆ ಶುರುವಾದದ್ದು ಸಂಘದಲ್ಲಿ. ಸಮಿತಿಯ ಒಬ್ಬರು ಸಾಫ್ಟ್‌ವೇರಿನವರು ಹೈದರಾಬಾದಿಗೆ ವಾರಕ್ಕೊಮ್ಮೆ ಓಡಾಡುತ್ತಿದ್ದರು. ಇನ್ನೊಬ್ಬರಿಗೆ ಆಸ್ಪತ್ರೆಯಲ್ಲಿ ಭಾನುವಾರವೇ ಡ್ಯೂಟಿ. ಸಭೆ ನಡೆಯಬೇಕಾದರೆ ನಾಲ್ವರಾದರೂ ಇರಬೇಕು, ಅದು ಕೋರಂ. ಒಂದು ಭಾನುವಾರ ನನ್ನ ಹೊರತು ಇಬ್ಬರೇ ಬಂದು, ಮುಕ್ಕಾಲು ಗಂಟೆ ಕಾದು, ನಾನು ಕರಿದಿಟ್ಟಿದ್ದ ಮೆಣಸಿನಕಾಯಿ ಬಜ್ಜಿಯನ್ನು ಏಳು ಜನರ ಲೆಕ್ಕದಲ್ಲಿ ತಿಂದು ಹೋದರು. ರಾಜ್ಯೋತ್ಸವ ಹತ್ತಿರವಾಗುತ್ತಿತ್ತು. ಮಂಟಪ ಗೊತ್ತು ಮಾಡುವುದಕ್ಕೂ ಸಮಿತಿಯ ಒಪ್ಪಿಗೆ ಬೇಕು.

ಮುಂದಿನ ಸಭೆಗೆ ಹೇಗೋ ನಾಲ್ವರು ಸೇರಿದಾಗ ನಮ್ಮ ಜಂಟಿ ಕಾರ್ಯದರ್ಶಿ ನಿಯಮಾವಳಿಯ ಪುಸ್ತಕ ಹಿಡಿದುಕೊಂಡು ಬಂದರು. ಧಾರವಾಡ ಕಡೆಯ ಯುವಕ, ಔಷಧ ಕಂಪನಿಯಲ್ಲಿ ಗುಣಮಟ್ಟ ತಪಾಸಣೆಯ ಕೆಲಸ. ಪ್ರತಿ ವಸ್ತುವಿಗೂ ಒಂದು ನಿಯಮ, ಪ್ರತಿ ನಿಯಮಕ್ಕೂ ಒಂದು ಸಹಿ ಇರಬೇಕೆಂದು ನಂಬಿದ ಮನುಷ್ಯ.

"ಮೇಡಮ್ಮರ, ಹದಿನಾಲ್ಕನೇ ನಿಯಮ ಓದ್ತೀನ್ರಿ" ಅಂದರು. "ಲಿಖಿತವಾಗಿ ತಿಳಿಸದೆ ಸತತ ಮೂರು ಸಭೆಗಳಿಗೆ ಗೈರುಹಾಜರಾದ ಸದಸ್ಯರು ಸಮಿತಿಯ ಸದಸ್ಯತ್ವವನ್ನು ಕಳೆದುಕೊಳ್ಳತಕ್ಕದ್ದು. ಅದಕ್ಕ ಮೊದಲು ಕಾರ್ಯದರ್ಶಿ ಅವರಿಗೆ ಕಾಗದ ಬರದು ಹದಿನೈದು ದಿನ ಟೈಮ್ ಕೊಡಬೇಕ್ರಿ. ಜಾಗ ಖಾಲಿ ಆದ್ರ ಬ್ಯಾರೆಯವರನ್ನ ತಗೋಬಹುದು."

"ಯಾರು ಮೂರು ಸಭೆಗೆ ಬಂದಿಲ್ಲ?" ಎಂದು ಕೇಳಿದರು ಅಧ್ಯಕ್ಷರು. ಮೈಸೂರಿನವರು, ನಿವೃತ್ತ ಬ್ಯಾಂಕ್ ಮ್ಯಾನೇಜರು. ಕೇಳಿದ ಮೇಲೆ ಅವರಿಗೇ ಹೊಳೆಯಿತು. ಸಾಫ್ಟ್‌ವೇರಿನವರು, ಆಸ್ಪತ್ರೆಯವರು ಒಂದು ಬಿಟ್ಟು ಒಂದಕ್ಕಾದರೂ ತಲೆ ತೋರಿಸಿದ್ದರು. ಒಂದಕ್ಕೂ ಬರದವರು ಒಬ್ಬರೇ. ಎಲ್ಲರೂ ಗೋಡೆಯ ಮೇಲಿದ್ದ ಮಾವನವರ ಫೋಟೋ ನೋಡತೊಡಗಿದರು, ಅವರೇ ಏನಾದರೂ ಹೇಳಲಿ ಎಂಬಂತೆ.

"ಕಾಗದಕ್ಕೆ ನೀವೇ ಸಹಿ ಹಾಕಿಬಿಡಿ ಸಾರ್" ಅಂದೆ ನಾನು ಅಧ್ಯಕ್ಷರಿಗೆ.

"ನಿಯಮದಲ್ಲಿ ಕಾರ್ಯದರ್ಶಿ ಅಂತ ಇದೆಯಲ್ಲಮ್ಮ. ನಾನು ಹಾಕಿದರೆ ಅದು ಕ್ರಮಬದ್ಧ ಆಗಲ್ಲ" ಎಂದರು. ನಿಯಮದ ಮೇಲೆ ಅವರಿಗೆ ಅಷ್ಟು ಪ್ರೀತಿ ಇದ್ದದ್ದನ್ನು ನಾನು ಅದೇ ಮೊದಲು ಕಂಡದ್ದು.

ಜಂಟಿ ಕಾರ್ಯದರ್ಶಿಯ ಕಡೆ ನೋಡಿದೆ. "ನೀವು ಊರಾಗ ಇಲ್ಲದಾಗ ಅಷ್ಟ ನಾನು ಸಹಿ ಹಾಕಬಹುದ್ರಿ. ನೀವು ಇಲ್ಲೇ ಕುಂತೀರಲ್ರಿ" ಅಂದರು.

ಅವತ್ತು ಸಭೆ ಮುಗಿದ ಮೇಲೆ ಅತ್ತೆಗೆ ಫೋನ್ ಮಾಡಿ, ಹೀಗೀಗೆ ಅಂತ ಹೇಳಿಬಿಡೋಣ ಎಂದುಕೊಂಡೆ. ಮಾಡಿಯೂ ಮಾಡಿದೆ. ಅವರು ಎತ್ತಿಕೊಂಡವರೇ, ಗೊಂಗೂರ ಸೊಪ್ಪಿನ ಉಪ್ಪಿನಕಾಯಿ ಜಾಡಿಗೆ ಎಣ್ಣೆ ಮೇಲೆ ನಿಲ್ಲುವಷ್ಟು ಹಾಕಿದೆಯೋ ಇಲ್ಲವೋ ಎಂದು ವಿಚಾರಿಸಿದರು. ಹಾಕಿರಲಿಲ್ಲ. ಆ ತಪ್ಪಿನ ನಡುವೆ ಸದಸ್ಯತ್ವದ ಮಾತು ಎತ್ತಲು ನನಗೆ ಬಾಯಿ ಬರಲಿಲ್ಲ. ಮರುದಿನ ಕೂತು ಕಾಗದ ಬರೆದೆ.

"ಮಾನ್ಯರೇ, ತಾವು ಕಾರ್ಯಕಾರಿ ಸಮಿತಿಯ ಕಳೆದ ಮೂರು ಸಭೆಗಳಿಗೆ ಲಿಖಿತವಾಗಿ ತಿಳಿಸದೆ ಸತತವಾಗಿ ಗೈರುಹಾಜರಾಗಿರುವುದು ಹಾಜರಿ ಪುಸ್ತಕದಿಂದ ಕಂಡುಬಂದಿದೆ. ನಿಯಮಾವಳಿಯ ಹದಿನಾಲ್ಕನೆಯ ನಿಯಮದ ಪ್ರಕಾರ ಇದು ಸಮಿತಿಯ ಸದಸ್ಯತ್ವ ಕಳೆದುಕೊಳ್ಳಲು ಕಾರಣವಾಗುತ್ತದೆ. ಆದ್ದರಿಂದ ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ತಮ್ಮ ವಿವರಣೆಯನ್ನು ಬರಹದಲ್ಲಿ ಸಲ್ಲಿಸಬೇಕಾಗಿ ಕೋರುತ್ತೇನೆ. ವಿವರಣೆ ಬಾರದಿದ್ದಲ್ಲಿ ತಮ್ಮ ಸ್ಥಾನ ತೆರವಾಗಿದೆ ಎಂದು ಭಾವಿಸಿ ಸಮಿತಿಯು ಮುಂದಿನ ಕ್ರಮ ಕೈಗೊಳ್ಳುವುದು."

'ತಮ್ಮ ವಿಶ್ವಾಸಿ' ಎಂದು ಬರೆದು ಸಹಿ ಹಾಕಿದೆ. ಕೆಳಗೆ 'ನಮಸ್ಕಾರ ಅತ್ತೆ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ' ಎಂದು ಸೇರಿಸಲು ಕೈ ತುರಿಸಿತು. ಕಾರ್ಯದರ್ಶಿಗೆ ಅದು ಒಪ್ಪುವುದಿಲ್ಲವೆಂದು ಬಿಟ್ಟೆ.

ಇಂಥ ಕಾಗದವನ್ನು ಸದಸ್ಯರ ಪಟ್ಟಿಯಲ್ಲಿರುವ ವಿಳಾಸಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಬೇಕು. ಪಟ್ಟಿಯಲ್ಲಿದ್ದ ಅತ್ತೆಯ ವಿಳಾಸ ನಮ್ಮ ಮನೆಯದೇ. ಸಂಘದ ಕಚೇರಿಯ ವಿಳಾಸವೂ ನಮ್ಮ ಮನೆಯದೇ. ಅಂಚೆ ಕಚೇರಿಯ ಕಿಟಕಿಯಲ್ಲಿದ್ದ ಹೆಂಗಸು ಲಕೋಟೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿ ನೋಡಿದಳು.

"ರೆಂಡೂ ಒಕಟೇ ಅಡ್ರಸ್ ಕದಮ್ಮಾ" ಅಂದಳು. ಕಳಿಸುವವರ ವಿಳಾಸ, ತಲುಪುವ ವಿಳಾಸ ಎರಡೂ ಒಂದೇ ಅಲ್ಲವಾ ಎಂದು.

ಹೌದು ಅಂದೆ.

"ಒಂದೇ ಮನೆಯಲ್ಲಿ ಮಾತಾಡುವುದಿಲ್ಲವಾ?" ಎಂದು ತೆಲುಗಿನಲ್ಲೇ ಮೆಲ್ಲಗೆ ಕೇಳಿದಳು. ಅವಳ ದನಿಯಲ್ಲಿ ಕುತೂಹಲಕ್ಕಿಂತ ಮರುಕ ಹೆಚ್ಚಿತ್ತು.

"ನಮ್ಮ ಅತ್ತೆಗೆ" ಅಂದೆ.

ಅವಳು ಅರ್ಥವಾಯಿತು ಎಂಬಂತೆ ತಲೆಯಾಡಿಸಿ, ಮತ್ತೇನೂ ಕೇಳದೆ ರಸೀದಿ ಕೊಟ್ಟಳು. ಹಿಂದೆ ನಿಂತಿದ್ದ ಇಬ್ಬರು ಹೆಂಗಸರು ನನ್ನನ್ನು ಗೌರವದಿಂದ ನೋಡಿದ ಹಾಗಾಯಿತು. ಅದರದೇ ಇನ್ನೊಂದು ಪ್ರತಿಯನ್ನು ಭವಾನಿಪುರದ ವಿಳಾಸಕ್ಕೂ ಹಾಕಿ ಬಂದೆ.

ಮನೆಯ ವಿಳಾಸದ ಕಾಗದ ಎರಡು ದಿನಕ್ಕೆ ನಮ್ಮ ಬಾಗಿಲಿಗೆ ಬಂತು. ನಾನು ಸ್ನಾನಕ್ಕೆ ಹೋಗಿದ್ದೆ. ಯಜಮಾನರು ಅಮ್ಮನ ಪರವಾಗಿ ಸಹಿ ಹಾಕಿ ಇಸಿದುಕೊಂಡು, ಪಿಂಚಣಿಯ ವಿಷಯವಿರಬೇಕೆಂದು ಒಡೆದು ಓದಿದ್ದಾರೆ. ನಾನು ಹೊರಗೆ ಬಂದಾಗ ಅವರು ಕಾಗದ ಹಿಡಿದು ನಿಂತಿದ್ದರು. ಕನ್ನಡ ಓದುವುದು ಅವರಿಗೆ ನಿಧಾನ. ಆದರೆ ಮುಖ್ಯವಾದದ್ದನ್ನು ಓದಿಬಿಟ್ಟಿದ್ದರು.

"ಅಮ್ಮಕಿ ನೋಟೀಸ್ ಇಚ್ಚಾವಾ?" ಎಂದರು. ಅಮ್ಮನಿಗೆ ನೋಟೀಸು ಕೊಟ್ಟೆಯಾ?

"ನಾನಲ್ಲ. ಕಾರ್ಯದರ್ಶಿ ಕೊಟ್ಟಿದ್ದು."

ಅವರು ಕಾಗದದ ಕೆಳಗಿನ ಸಹಿ ನೋಡಿದರು, ತಲೆಗೆ ಟವೆಲು ಸುತ್ತಿದ ನನ್ನನ್ನು ನೋಡಿದರು. ಮದುವೆಯಾದ ಮೇಲೆ ಮೊದಲ ಬಾರಿಗೆ ಒಂದಿಡೀ ವಾಕ್ಯವನ್ನು ಅಚ್ಚ ಕನ್ನಡದಲ್ಲಿ ಹೇಳಿದರು: "ಈ ವಿಷಯದಲ್ಲಿ ನಾನು ಇಲ್ಲ."

ಆ ವಾರವೆಲ್ಲ ಅತ್ತೆ ಎಂದಿನಂತೆ ಫೋನ್ ಮಾಡಿದರು. ಹಾಲಿನವನ ವಿಷಯ, ನಲ್ಲಿಯ ವಿಷಯ, ಪಕ್ಕದ ಮನೆಯವರ ಮಗಳ ಸೀಮಂತದ ವಿಷಯ. ಕಾಗದದ ವಿಷಯ ಇಲ್ಲ. ಕೊನೆಗೆ ನಾನೇ, "ಅತ್ತೆ, ಒಂದು ಕಾಗದ ಬಂತಾ?" ಎಂದು ಕೇಳಿದೆ.

"ಬಂದೈತೆ" ಅಂದರು. "ಆಫೀಸಿನ ವಿಷಯ ಫೋನಿನಲ್ಲಿ ಮಾತಾಡಬಾರದು ಅಮ್ಮಾಯಿ. ಉತ್ತರ ಬರ್ತೈತೆ."

ಉತ್ತರ ಬಂತು. ಅದೂ ರಿಜಿಸ್ಟರ್. ದುಂಡಗಿನ ಅಕ್ಷರ, ಎಡಗಡೆ ಅಂಗುಲ ಅಂಚು, ಮೇಲೆ 'ಉಲ್ಲೇಖ: ತಮ್ಮ ಪತ್ರ'. ಅತ್ತೆ ಬರೆದಿದ್ದರು: ಏಳನೆಯ ನಿಯಮದ ಪ್ರಕಾರ ಪ್ರತಿ ಸಭೆಯ ಸೂಚನೆಯನ್ನು ಏಳು ದಿನ ಮುಂಚೆ, ಬರಹದಲ್ಲಿ, ಖುದ್ದಾಗಿ ಅಥವಾ ಅಂಚೆಯ ಮೂಲಕ ಪ್ರತಿ ಸದಸ್ಯರಿಗೂ ತಲುಪಿಸಬೇಕು. ಸದರಿ ಮೂರು ಸಭೆಗಳ ಸೂಚನೆ ತನಗೆ ತಲುಪಿಲ್ಲ. ಸೂಚನೆಯನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಲಾಗಿದೆ ಎಂದು ತಿಳಿದುಬಂದಿದೆ. ವಾಟ್ಸಾಪ್ ಎಂಬ ಪದ ನಿಯಮಾವಳಿಯಲ್ಲಿ ಎಲ್ಲಿಯೂ ಕಾಣಸಿಗುವುದಿಲ್ಲ. ಅಲ್ಲದೆ ಬೆಳಗಾಗೆದ್ದರೆ ಬರುವ ಹೂವಿನ ಚಿತ್ರಗಳ ಕಾಟಕ್ಕೆ ತಾನು ಆ ಗುಂಪನ್ನು ಯುಗಾದಿಗೂ ಮುಂಚೆಯೇ ಬಿಟ್ಟಿರುವುದು ಕಾರ್ಯದರ್ಶಿಯವರಿಗೆ ಗೊತ್ತಿದೆ. ಎರಡನೆಯದಾಗಿ, ಮೂರರಲ್ಲಿ ಒಂದು ಸಭೆ ಕೋರಂ ಇಲ್ಲದೆ ನಡೆದೇ ಇಲ್ಲ. ನಡೆಯದ ಸಭೆಗೆ ಯಾರೂ ಗೈರುಹಾಜರಾಗಲು ಬರುವುದಿಲ್ಲ. ಆದ್ದರಿಂದ ತನ್ನ ಸದಸ್ಯತ್ವಕ್ಕೆ ಧಕ್ಕೆಯಾಗಿಲ್ಲವೆಂದು ದಾಖಲಿಸಬೇಕು.

ಕೊನೆಯಲ್ಲಿ ಇನ್ನೊಂದು ಮಾತಿತ್ತು. "ವಿಜಯವಾಡಕ್ಕೆ ಹೋಗುವ ವಿಷಯವನ್ನು ಕಾರ್ಯದರ್ಶಿಯವರಿಗೆ ಬಾಯಿಮಾತಿನಲ್ಲಿ ತಿಳಿಸಿದ್ದೆ. ಅಡುಗೆಮನೆಯಲ್ಲಿ ಆಡಿದ ಮಾತು ಲಿಖಿತವಲ್ಲವಾದ್ದರಿಂದ ಅದನ್ನು ನನ್ನ ಪರವಾಗಿ ಬಳಸಿಕೊಳ್ಳುತ್ತಿಲ್ಲ."

ಜೊತೆಗೆ ನನ್ನ ಕಾಗದದ ಜೆರಾಕ್ಸ್ ಪ್ರತಿ. ಅದರಲ್ಲಿ ಕೆಂಪು ಶಾಯಿಯ ಗುರುತುಗಳು. ಸಭೆಗಳ ತಾರೀಖು ಎಲ್ಲಿ ಎಂದು ಒಂದು ಕಡೆ, ಕಡತದ ಸಂಖ್ಯೆ ಎಲ್ಲಿ ಎಂದು ಇನ್ನೊಂದು ಕಡೆ ಬರೆದಿದ್ದರು.

ಅಧ್ಯಕ್ಷರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಹಾಗೆ ನೋಡಿದರೆ ಈ ಮೂರು ವರ್ಷ ನಾವು ಮಾಡಿದ ಯಾವ ಸಭೆಗೂ ಸೂಚನೆ ಸರಿಯಾಗಿ ಹೋಗಿಲ್ಲ ಅಲ್ಲವಾ?" ಎಂದರು. ಜಂಟಿ ಕಾರ್ಯದರ್ಶಿ ಕಾಗದವನ್ನು ಬೆಳಕಿಗೆ ಹಿಡಿದು, "ಏನ್ ಡ್ರಾಫ್ಟಿಂಗ್ರಿ ಇದು" ಎಂದು ಸಂತೋಷಪಟ್ಟರು. ಅವರು ನನ್ನ ಕಡೆಯವರೋ ಅತ್ತೆಯ ಕಡೆಯವರೋ ಎಂಬುದು ಅವತ್ತಿನಿಂದ ನನಗೆ ಗೊತ್ತಾಗದೆ ಹೋಯಿತು.

"ನೀವೇ ಒಮ್ಮೆ ಹೋಗಿ ಮಾತಾಡಿ ಬನ್ನಿಯಮ್ಮ" ಎಂದು ಅಧ್ಯಕ್ಷರು ನನ್ನನ್ನು ಕೇಳಿಕೊಂಡರು. "ಸೊಸೆಯಾಗಿ ಹೋಗಿ."

ಬೆಳಗಿನ ರೈಲು ಹತ್ತಿ ವಿಜಯವಾಡಕ್ಕೆ ಹೋದೆ. ಭವಾನಿಪುರದ ಮನೆಯಲ್ಲಿ ನಾದಿನಿ ಒಬ್ಬಳೇ ಇದ್ದಳು. ಅವಳ ಕನ್ನಡ ಅಣ್ಣನದಕ್ಕಿಂತ ಕಡಿಮೆ. "ಅಮ್ಮ ಡ್ಯೂಟಿಕಿ ಹೋದಳು ವದಿನಾ" ಅಂದಳು, ಅತ್ತಿಗೆಯಾದ ನನ್ನನ್ನು ತೆಲುಗಿನಲ್ಲಿ ಕರೆದು. ಯಾವ ಡ್ಯೂಟಿ ಎಂದರೆ ನಕ್ಕು, ಆಟೋ ಹಿಡಿದು ಶೆಡ್ಡಿಗೆ ಹೋಗಲು ಹೇಳಿದಳು.

ಆಟೋನಗರದಲ್ಲಿ ಮಾತು ಕೇಳಿಸಬೇಕಾದರೆ ಕಿವಿಯ ಹತ್ತಿರ ಬಾಯಿ ಒಯ್ಯಬೇಕು. ಎಡಕ್ಕೂ ಬಲಕ್ಕೂ ಸುತ್ತಿಗೆ, ವೆಲ್ಡಿಂಗಿನ ಕಿಡಿ, ತಲೆಯಿಲ್ಲದ ಲಾರಿಗಳು. ನಾದಿನಿಯ ಗಂಡನ ಶೆಡ್ಡಿನ ಒಂದು ಮೂಲೆಯಲ್ಲಿ ತಗಡಿನ ಕೋಣೆ. ಅದರೊಳಗೆ ಮೇಜು, ಮೇಜಿನ ಮೇಲೆ ಫ್ಯಾನು, ಫ್ಯಾನಿಗೆ ಹಾರದಂತೆ ನಟ್ಟು ಬೋಲ್ಟು ಹೇರಿಸಿಟ್ಟ ಕಾಗದಗಳು. ಅದರ ಹಿಂದೆ ಅತ್ತೆ. ಇಸ್ತ್ರಿ ಮಾಡಿದ ಸೀರೆ, ಕಿವಿಯ ಹಿಂದೆ ಪೆನ್ನು. ಅವರೆದುರು ನನ್ನ ಎರಡರಷ್ಟು ಗಾತ್ರದ ವೆಲ್ಡರು ಒಬ್ಬ ಕೈಕಟ್ಟಿ ನಿಂತಿದ್ದ.

"ನಿನ್ನೆ ಎಂದುಕು ರಾಲೇದು?" ಎಂದು ಕೇಳುತ್ತಿದ್ದರು. ನಿನ್ನೆ ಯಾಕೆ ಬರಲಿಲ್ಲ. ಅವನು ಬಾವಮೈದುನನ ಮದುವೆ ಎಂದ. "ಕಾಗದಂ ಏದಿ?" ಎಂದರು. ರಜೆಯ ಅರ್ಜಿ ಎಲ್ಲಿ. ಅವನು ತಲೆ ಕೆರೆದುಕೊಂಡ. ಅತ್ತೆ ಒಂದು ಹಾಳೆ ಹರಿದು ಕೊಟ್ಟು, ಬರೆದುಕೊಂಡು ಬಾ ಎಂದು ಕಳಿಸಿದರು.

ನಾದಿನಿಯ ಗಂಡ ಹೊರಗೇ ಸಿಕ್ಕಿದ್ದರು. ಅತ್ತೆ ಬಂದ ಮೇಲೆ ಯಾವ ಲಾರಿಗೆ ಯಾವ ಸಾಮಾನು ಹೋಯಿತೆಂಬುದು ಗೊತ್ತಾಗುತ್ತಿದೆ, ಕೆಲಸದವರು ಹೊತ್ತಿಗೆ ಬರುತ್ತಿದ್ದಾರೆ, ತಾನೂ ಹೊತ್ತಿಗೆ ಬರುವ ಹಾಗಾಗಿದೆ ಎಂದು ತೆಲುಗಿನಲ್ಲಿ ಪಿಸುಗುಟ್ಟಿದರು. ಕೊನೆಯದನ್ನು ಅಷ್ಟು ಸಂತೋಷದಿಂದ ಹೇಳಲಿಲ್ಲ.

ಅತ್ತೆ ನನ್ನನ್ನು ಕಂಡು, "ಬಾ ಅಮ್ಮಾಯಿ, ಊಟ ಆಯ್ತಾ?" ಎಂದು ತಮ್ಮ ಡಬ್ಬಿ ಬಿಚ್ಚಿದರು. ಮೊಸರನ್ನದ ಜೊತೆಗೆ ಉಪ್ಪಿನಕಾಯಿ ಹಾಕಿ ಕೊಟ್ಟು, ನಾನು ಉಣ್ಣುವುದನ್ನೇ ನೋಡುತ್ತಾ ಕೂತರು. ತಿಂದು ಕೈ ತೊಳೆದ ಮೇಲೆ ಕನ್ನಡಕ ಏರಿಸಿಕೊಂಡರು.

"ಈಗ ಹೇಳು. ನೀನು ಬಂದಿರೋದು ಸೊಸೆಯಾಗೋ, ಕಾರ್ಯದರ್ಶಿಯಾಗೋ?"

"ಅಧ್ಯಕ್ಷರು ಸೊಸೆಯಾಗಿ ಹೋಗು ಅಂದರು ಅತ್ತೆ."

"ಹಂಗಾದ್ರೆ ಆ ವಿಷಯ ಎತ್ತಬೇಡ" ಎಂದು ಕನ್ನಡಕ ತೆಗೆದು ಇಟ್ಟುಬಿಟ್ಟರು.

ನಾನು ಖಾಲಿ ಡಬ್ಬಿಗೆ ಮುಚ್ಚಳ ಹಾಕುತ್ತಾ, "ನಿಮಗೆ ಬೇಜಾರಾಯಿತಾ ಅತ್ತೆ?" ಎಂದೆ. ಹೊರಗೆ ಯಾರೋ ತಗಡು ಬಡಿಯುತ್ತಿದ್ದರು. ಇನ್ನೊಮ್ಮೆ ಜೋರಾಗಿ ಕೇಳಬೇಕಾಯಿತು. ಅಂಥ ಪ್ರಶ್ನೆಯನ್ನು ಕಿರುಚಿ ಕೇಳುವುದು ಕಷ್ಟ.

ಅತ್ತೆ ನಕ್ಕರು. "ಬೇಜಾರು ಯಾಕೆ? ಎಷ್ಟು ಜನಕ್ಕೆ ಇಂಥ ಕಾಗದ ಬರ್ದೆ ನಾನು. ಒಬ್ರೂ ಸರಿಯಾಗಿ ಉತ್ತರ ಕೊಡಲಿಲ್ಲ. ಹೊಟ್ಟೆನೋವು, ಜ್ವರ, ಅಜ್ಜಿ ಸತ್ತಳು. ನಾನಾಗಿದ್ರೆ ಹೆಂಗೆ ಉತ್ತರ ಬರೀತಿದ್ದೆ ಅಂತ ಎಷ್ಟೋ ಸಲ ಅನ್ಕೊಂಡಿದ್ದೆ. ನಿನ್ನ ಕಾಗದ ಬಂದ ದಿನ ಊಟ ಸೇರಲಿಲ್ಲ ಅಮ್ಮಾಯಿ, ಅಷ್ಟು ಖುಷಿ ಆಯ್ತು."

"ಮತ್ತೆ ವಾಪಸ್ ಬರ್ತೀರಾ?"

ಅವರು ಮೇಜಿನ ಮೇಲಿನ ಹಾಜರಿ ಪುಸ್ತಕವನ್ನು ನೇರ ಮಾಡಿದರು. "ಮನೇಲಿ ಎಲ್ಲ ನೀನೇ ನೋಡ್ಕೊಂತೀಯ. ಸಭೆಯಲ್ಲೂ ಎಲ್ಲ ನೀನೇ ನೋಡ್ಕೊಂತೀಯ. ಅಲ್ಲಿ ನಾನು ಕೂತ್ಕೊಂಡು ಸರಿ ಅನ್ನೋದಷ್ಟೇ ಕೆಲಸ. ಇಲ್ಲಿ ನೋಡು, ನಾನು ಒಂದು ದಿನ ಬರಲಿಲ್ಲ ಅಂದ್ರೆ ಗೊತ್ತಾಗ್ತೈತೆ" ಎಂದರು. ದೂರು ಹೇಳಿದ ಹಾಗಿರಲಿಲ್ಲ. ಇಂದು ಬುಧವಾರ ಎನ್ನುವಷ್ಟೇ ಸಹಜವಾಗಿತ್ತು. ಮನೆಯಲ್ಲಿ ಅವರು ಯಾವ ಕೆಲಸಕ್ಕೆ ಕೈ ಹಾಕಿದರೂ 'ನೀವು ಕೂತ್ಕೊಳ್ಳಿ ಅತ್ತೆ' ಎನ್ನುವುದೇ ಉಪಚಾರ ಎಂದು ನಾನು ತಿಳಿದಿದ್ದೆ.

"ಮುಂದಿನ ಸಭೆಗೆ ಬರ್ತೀನಿ" ಎಂದರು, ಮತ್ತೆ ಕನ್ನಡಕ ಹಾಕಿಕೊಂಡು. "ಸೂಚನೆ ಬಂದ್ರೆ."

ಸೂಚನೆ ಕಳಿಸಿದೆ. ಬರಹದಲ್ಲಿ, ಅಂಚೆಯಲ್ಲಿ, ಏಳು ದಿನಕ್ಕಿಂತ ಮುಂಚೆ, ಕಡತದ ಸಂಖ್ಯೆ ಹಾಕಿ, ಸಭೆಯ ವಿಷಯಗಳನ್ನು ಒಂದೊಂದಾಗಿ ಬರೆದು. ಊರಿನಲ್ಲಿದ್ದ ಸಮಿತಿಯವರಿಗೆಲ್ಲ ನಾನೇ ಸ್ಕೂಟರಿನಲ್ಲಿ ಹೋಗಿ ಕೊಟ್ಟು ಸಹಿ ಪಡೆದೆ. ಸಾಫ್ಟ್‌ವೇರಿನವರ ಹೆಂಡತಿ ಕೋರ್ಟಿನಿಂದ ಏನೋ ಬಂದಿದೆ ಎಂದು ಹೆದರಿ ಬಾಗಿಲು ಅರ್ಧವೇ ತೆರೆದಳು. ಅದರಿಂದ ಒಂದು ಲಾಭವಾಯಿತು. ಆ ಸಭೆಗೆ ಏಳಕ್ಕೆ ಏಳೂ ಜನ ಬಂದರು.

ಅತ್ತೆ ಶನಿವಾರವೇ ಬಂದಿದ್ದರು. ಬಂದವರು ಉಪ್ಪಿನಕಾಯಿ ಜಾಡಿ ತೆರೆದು ನೋಡಿ, ಏನೂ ಹೇಳದೆ ಎಣ್ಣೆ ಕಾಯಿಸಲಿಟ್ಟರು. ಈ ಸಲ ನಾನು ಕೂತ್ಕೊಳ್ಳಿ ಎನ್ನಲಿಲ್ಲ. ಭಾನುವಾರ ಮಧ್ಯಾಹ್ನ ಅವರೇ ಹಜಾರ ಗುಡಿಸಿ, ಕುರ್ಚಿ ಹಾಕಿದರು. ಸಂಜೆ ಸೀರೆ ಬದಲಿಸಿಕೊಂಡು ಒಳಗಿನ ಕೋಣೆಯಿಂದ ಹೊರಬಂದು, ಎಲ್ಲರಿಗೂ ಹೊಸದಾಗಿ ನಮಸ್ಕಾರ ಹೇಳಿದರು, ನನಗೂ. ಕಾಫಿ ಕೊಡಲು ಹೋದರೆ, "ನನ್ನ ವಿಷಯ ಮುಗಿಯೋವರೆಗೂ ಬೇಡ. ಆಮೇಲೆ ಕಾಫಿ ಕುಡಿಸಿ ಒಪ್ಪಿಸಿದ್ರು ಅನ್ನೋ ಮಾತು ಬರಬಾರದು" ಎಂದರು. ಅಧ್ಯಕ್ಷರು ತಮ್ಮ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

ನಾನು ನನ್ನ ಕಾಗದ ಓದಿದೆ. ಅತ್ತೆಯ ಉತ್ತರ ಓದಿದೆ. ಅಡುಗೆಮನೆಯ ಸಾಲು ಬಂದಾಗ ಯಜಮಾನರು ಒಳಗಿನಿಂದ ಕೆಮ್ಮಿದರು. ಸಮಿತಿ ಹೆಚ್ಚು ಚರ್ಚೆ ಮಾಡಲಿಲ್ಲ. ಸದಸ್ಯರ ವಿವರಣೆಯನ್ನು ಒಪ್ಪಲಾಗಿದೆ, ಸೂಚನೆ ಕ್ರಮವಾಗಿ ತಲುಪದ ಕಾರಣ ಗೈರುಹಾಜರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದಲ್ಲ, ಅವರ ಸದಸ್ಯತ್ವ ಮುಂದುವರಿದಿದೆ ಎಂದು ಠರಾವಾಯಿತು. ಏಳನೆಯ ನಿಯಮಕ್ಕೆ ವಾಟ್ಸಾಪನ್ನು ಸೇರಿಸುವ ತಿದ್ದುಪಡಿಯನ್ನು ವಾರ್ಷಿಕ ಮಹಾಸಭೆಯ ಮುಂದಿಡುವುದೆಂದೂ ಆಯಿತು.

"ಸಂತೋಷ" ಎಂದು ಅತ್ತೆ ಎದ್ದು, ಚೀಲದಿಂದ ಒಂದು ಲಕೋಟೆ ತೆಗೆದು ಅಧ್ಯಕ್ಷರ ಕೈಗಿಟ್ಟರು. "ಇದು ನನ್ನ ರಾಜೀನಾಮೆ."

ಅಧ್ಯಕ್ಷರು ತಬ್ಬಿಬ್ಬಾದರು. "ಅಲ್ಲಮ್ಮ, ಬಿಡೋದೇ ಆಗಿದ್ದರೆ ಇಷ್ಟೆಲ್ಲ ಯಾಕೆ ಮಾಡಿದಿರಿ? ಉತ್ತರ ಬರೆಯದೆ ಸುಮ್ಮನಿದ್ದಿದ್ದರೆ ತಾನಾಗೇ ಹೋಗ್ತಿತ್ತಲ್ಲ."

"ತೆಗೆದುಹಾಕೋದು ಬೇರೆ, ಬಿಟ್ಟುಹೋಗೋದು ಬೇರೆ ಸಾರ್" ಎಂದರು ಅತ್ತೆ. "ಸರಿಯಾದ ಸೂಚನೆ ಇಲ್ಲದೆ ನನ್ನನ್ನ ತೆಗೆದ್ರೆ ನಾಳೆ ಇನ್ನೊಬ್ರನ್ನೂ ಹಂಗೇ ತೆಗೀತೀರಿ. ನಾನು ಆಟೋನಗರದಲ್ಲಿ ಕೆಲಸಕ್ಕೆ ಸೇರಿದೀನಿ, ಬರೋಕಾಗಲ್ಲ. ಬಿಡ್ತಿದೀನಿ, ಅಷ್ಟೇ."

ಜಂಟಿ ಕಾರ್ಯದರ್ಶಿ ಚಪ್ಪಾಳೆ ತಟ್ಟಲು ಕೈಯೆತ್ತಿ, ಯಾರೂ ತಟ್ಟದ್ದನ್ನು ಕಂಡು ಕೈ ಒರೆಸಿಕೊಂಡರು. ಅಧ್ಯಕ್ಷರು ರಾಜೀನಾಮೆಯನ್ನು ಅಂಗೀಕರಿಸಿ ಎರಡು ಒಳ್ಳೆಯ ಮಾತಾಡಿದರು. ಅತ್ತೆ ಕೈಮುಗಿದು, ತನಗಿನ್ನು ಇಲ್ಲಿ ಕೂರುವ ಅಧಿಕಾರವಿಲ್ಲವೆಂದು ಹೇಳಿ ಅಡುಗೆಮನೆಗೆ ಹೋದರು. ಪಾತ್ರೆಗಳ ಸದ್ದಾಯಿತು.

"ಹಾಗಾದರೆ ಈಗಲೇ ಆ ಜಾಗಕ್ಕೆ ಒಬ್ಬರನ್ನು ಸೇರಿಸಿಕೊಂಡುಬಿಡೋಣ" ಎಂದರು ಅಧ್ಯಕ್ಷರು. ಕಲಬುರಗಿಯ ನರ್ಸ್ ಒಬ್ಬಳು ಹೊಸದಾಗಿ ಸಂಘಕ್ಕೆ ಸೇರಿದ್ದಳು, ಉತ್ಸಾಹಿ. ಅವಳ ಹೆಸರು ಬಂತು. ಎಲ್ಲರೂ ಒಪ್ಪಿದರು. ನಾನು ಬರೆದುಕೊಳ್ಳತೊಡಗಿದೆ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದ ಅತ್ತೆ ಕಾಣಿಸಿದರು.

"ಹೊರಗಿನವಳು ಮಾತಾಡಬಾರದು. ಆದ್ರೂ ಹೇಳ್ತೀನಿ. ಹೊಸಬರನ್ನ ಸೇರಿಸಿಕೊಳ್ಳೋದು ಇವತ್ತಿನ ಸೂಚನೆಯಲ್ಲಿ ಇಲ್ಲ. ಎಂಟನೇ ನಿಯಮ ನೋಡಿ. ಸೂಚನೆಯಲ್ಲಿ ಬರೀದೆ ಯಾರನ್ನೂ ಆಯ್ಕೆ ಮಾಡೋ ಹಂಗಿಲ್ಲ."

ಜಂಟಿ ಕಾರ್ಯದರ್ಶಿ ಪುಸ್ತಕ ತಿರುವಿ, "ಖರೇನ ಐತ್ರಿ" ಎಂದು ಕಣ್ಣರಳಿಸಿದರು. ಅಧ್ಯಕ್ಷರು ನೆಟ್ಟಗೆ ಕೂತು, ಆ ವಿಷಯವನ್ನು ಮುಂದಿನ ಸಭೆಗೆ ಇಟ್ಟರು. ಬರೆದದ್ದನ್ನು ನಾನು ಹೊಡೆದುಹಾಕಿದೆ. ಕಾಫಿ ಬಂತು. ಎಲ್ಲರೂ ಸ್ವಲ್ಪ ಬೇಗಬೇಗ ಕುಡಿದರು.

ಮುಂದಿನ ತಿಂಗಳು ನರ್ಸ್ ಸಮಿತಿಗೆ ಬಂದಳು. ರಾಜ್ಯೋತ್ಸವವೂ ಚೆನ್ನಾಗಿಯೇ ಆಯಿತು. ಮಂಟಪ ಮಾತ್ರ ನಾವು ಕೇಳಿದ ದಿನ ಸಿಗದೆ ಎರಡು ವಾರ ತಡವಾಯಿತು. ಆದರೆ ಅತ್ತೆ ರಾಜೀನಾಮೆ ಕೊಟ್ಟ ಅವತ್ತು, ಸಭೆ ಮುಗಿದು ಎಲ್ಲರೂ ಹೋದ ಮೇಲೆ, ನಾನು ಕುರ್ಚಿ ಮಡಚುತ್ತಿದ್ದೆ. ಅತ್ತೆ ಬಂದು ಮೇಜಿನ ಮೇಲಿದ್ದ ನಡಾವಳಿ ಪುಸ್ತಕದ ಕಡೆ ಕೈ ಚಾಚಿದರು.

"ಏನು ಬರ್ದಿದ್ದೀಯ ನೋಡೋಣ."

ನಾನು ಪುಸ್ತಕ ಮುಚ್ಚಿದೆ. "ನೀವೀಗ ಸಮಿತಿಯಲ್ಲಿ ಇಲ್ಲವಲ್ಲ ಅತ್ತೆ. ಸಾಮಾನ್ಯ ಸದಸ್ಯರು ನೋಡಬೇಕಾದರೆ ಲಿಖಿತವಾಗಿ ಕೇಳಬೇಕು. ಇಪ್ಪತ್ತನೇ ನಿಯಮ."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಅಷ್ಟು ವರ್ಷಗಳಲ್ಲಿ ನನ್ನ ಅಡುಗೆಯನ್ನಾಗಲಿ, ರಂಗೋಲಿಯನ್ನಾಗಲಿ, ಮನೆ ನಡೆಸಿದ ರೀತಿಯನ್ನಾಗಲಿ ಹಾಗೆ ಮೆಚ್ಚಿ ನೋಡಿದ್ದು ನನಗೆ ನೆನಪಿಲ್ಲ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಕಿವಿಯ ಹಿಂದಿನ ಪೆನ್ನು ತೆಗೆದರು.

"ಒಂದು ಹಾಳೆ ಕೊಡು" ಎಂದರು.